ಮೂರು ಖಾತೆಗಳಲ್ಲಿ ನನ್ನದು ಯಾವುದು? ಮುಚ್ಚಿಟ್ಟ ಇಮೇಲಿನ ಜಾಡು ಹಿಡಿಯುವ ಬಗೆ

ಪ್ರಶ್ನೆ: ಬಳ್ಳಾರಿಯಾಗ ನಮ್ಮದು ಜೀನ್ಸ್ ಪ್ಯಾಂಟ್ ಹೊಲಿಯೋ ಸಣ್ಣ ಯೂನಿಟ್ ಐತಿ ಸರ್. ಜಿಎಸ್‌ಟಿ ಬಿಲ್ಲೆಲ್ಲ ಒಂದು ಆ್ಯಪ್‌ನಾಗ ಹಾಕ್ತೀವಿ. ಐಫೋನ್ ಇದ್ದಾಗ ಆಪಲ್ ಬಟನ್ ಒತ್ತಿ, ಇಮೇಲ್ ಮುಚ್ಚಿಡು ಅಂತ ಕೊಟ್ಟು ಸೇರಿದ್ದೆ. ಈಗ ಆಂಡ್ರಾಯ್ಡ್ ತಗೊಂಡೀನಿ, ಐಫೋನ್ ತಮ್ಮಗ ಕೊಟ್ಟೀನಿ. ನನ್ನ ಜಿಮೇಲ್ ಹಾಕಿದ್ರ ಖಾಲಿ ಖಾತೆ ಬರ್ತೈತಿ, ತಮ್ಮನ ಕೈಯಾಗಿನ ಐಫೋನ್‌ನಾಗ ಒತ್ತಿದ್ರೂ ಖಾಲಿನೇ. ಆ್ಯಪ್‌ನವ್ರು ‘ಯಾವ ಇಮೇಲ್‌ನಿಂದ ಸೇರಿದ್ರಿ’ ಅಂತಾರ. ಅದು ನನಗೇ ಗೊತ್ತಿಲ್ಲ. ನನ್ನ ಖಾತೆ ಯಾವುದು ಅಂತ ಹೆಂಗ ಕಂಡುಹಿಡೀಬೇಕು?

ಉತ್ತರ: ಹುಡುಕಾಟ ಶುರು ಮಾಡುವ ಮೊದಲು ಎರಡು ಕೆಲಸ ಮಾಡಬೇಡಿ. ಖಾಲಿ ಖಾತೆಯಲ್ಲಿ ಹಳೆಯ ಸರಣಿಯಲ್ಲೇ ಹೊಸ ಬಿಲ್ ಹಾಕಬೇಡಿ. ಹಾಗೆಯೇ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಹೆಸರಿನ ಕೆಳಗೆ `Stop Using` ಎಂದು ಶುರುವಾಗುವ ಬಟನ್ ಕಂಡರೆ ಅದನ್ನು ಮುಟ್ಟಬೇಡಿ. ಎರಡಕ್ಕೂ ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಬಿಲ್ಲುಗಳು ಎಲ್ಲೂ ಹೋಗಿಲ್ಲ. ಅವು ಒಂದು ವಿಳಾಸದ ಹೆಸರಿನಲ್ಲಿ ಕುಳಿತಿವೆ, ಆ ವಿಳಾಸ ನಿಮ್ಮ ಜಿಮೇಲ್ ಅಲ್ಲ, ಅಷ್ಟೇ.

ನೀವು ಆವತ್ತು `Hide My Email` ಒತ್ತಿದಾಗ ಆಪಲ್ ನಿಮಗಾಗಿ ಒಂದು ವಿಳಾಸ ಹುಟ್ಟಿಸಿ ಆ್ಯಪ್‌ನವರಿಗೆ ಕೊಟ್ಟಿತು. ಅದು ಸಾಮಾನ್ಯವಾಗಿ ಹೀಗಿರುತ್ತದೆ (ಇದು ಬರೀ ಮಾದರಿ):

```
q7hw2m9xkd@privaterelay.appleid.com
```

`@` ಗುರುತಿಗೆ ಮೊದಲಿನ ತುಂಡು ಅರ್ಥವಿಲ್ಲದ ಅಕ್ಷರ, ಅಂಕಿಗಳು. ಅದರ ನಂತರದ ತುಂಡು ಎಲ್ಲರಿಗೂ ಒಂದೇ. ಆ್ಯಪ್‌ನವರು ಈ ವಿಳಾಸಕ್ಕೆ ಕಳಿಸಿದ ಮೇಲ್ ಆಪಲ್ ಮೂಲಕ ಹಾದು ನಿಮ್ಮ ನಿಜವಾದ ಇನ್‌ಬಾಕ್ಸಿಗೆ ಬಂದು ಬೀಳುತ್ತದೆ. ಇದನ್ನೇ ರಿಲೇ ಅನ್ನುವುದು. ನಿಮ್ಮ ಜಿಮೇಲ್ ಯಾವುದೆಂದು ಆ್ಯಪ್‌ನವರಿಗೆ ಆವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಅವರು ಕೇಳಿದರೂ ಆಪಲ್ ಹೇಳುವುದಿಲ್ಲ. ಹಾಗಾಗಿ ಅವರ ಕಸ್ಟಮರ್ ಕೇರ್‌ಗೆ ಹತ್ತು ಸಲ ಜಿಮೇಲ್ ವಿಳಾಸ ಬರೆದು ಕಳಿಸಿದರೂ ಅವರಿಗೆ ಸಿಗುವುದು ನೀವು ಮೊನ್ನೆ ತೆರೆದ ಖಾಲಿ ಖಾತೆ ಮಾತ್ರ. ಅವರು ಸುಳ್ಳು ಹೇಳುತ್ತಿಲ್ಲ, ನೀವೂ ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ವಿಳಾಸ ಹಿಡಿದು ಮಾತಾಡುತ್ತಿದ್ದೀರಿ.

ರಿಲೇ ವಿಳಾಸ ಫೋನಿಗೆ ಅಂಟಿಕೊಂಡಿರುವುದಿಲ್ಲ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಅದು ಹುಟ್ಟುವುದು ಎರಡು ವಿಷಯ ಸೇರಿ: ಒಬ್ಬರ ಆಪಲ್ ಖಾತೆ, ಒಂದು ಆ್ಯಪ್ ಕಂಪನಿ. ನಿಮ್ಮ ಆಪಲ್ ಖಾತೆಗೂ ಆ ಕಂಪನಿಗೂ ಒಂದು ವಿಳಾಸ, ತಮ್ಮನ ಆಪಲ್ ಖಾತೆಗೂ ಅದೇ ಕಂಪನಿಗೂ ಇನ್ನೊಂದು. ಅದೇ ಕಂಪನಿಯ ಎರಡು ಆ್ಯಪ್ ಬಳಸಿದರೆ ಎರಡಕ್ಕೂ ಒಂದೇ ವಿಳಾಸ ಹೋಗುತ್ತದೆ. ಕಂಪನಿ ಬೇರೆಯಾದರೆ ವಿಳಾಸವೂ ಬೇರೆ. ಐಫೋನ್ ತಮ್ಮನಿಗೆ ಕೊಟ್ಟ ಮೇಲೆ ಅದರಲ್ಲಿ ಅವನ ಆಪಲ್ ಖಾತೆ ಕೂತಿದೆ. ಅದೇ ಫೋನು, ಅದೇ ಆ್ಯಪು, ಅದೇ ಕಪ್ಪು ಬಟನ್ನು. ಆದರೂ ಒತ್ತಿದಾಗ ಹೋದದ್ದು ಅವನ ಗುರುತು. ಆ್ಯಪ್ ಅವನನ್ನು ಹೊಸ ಗಿರಾಕಿ ಅಂದುಕೊಂಡು ಖಾಲಿ ಖಾತೆ ತೆರೆದುಕೊಟ್ಟಿತು. ಈಗ ನಿಮ್ಮ ಲೆಕ್ಕದಲ್ಲಿ ಮೂರು ಖಾತೆ ಇವೆ: ಬಿಲ್ಲುಗಳಿರುವ ಹಳೆಯದು, ತಮ್ಮನ ರಿಲೇ ವಿಳಾಸದ್ದು, ನಿಮ್ಮ ಜಿಮೇಲಿನದು.

ಇಂಥ ನಾಲ್ಕನೆಯದು ಹುಟ್ಟದಂತೆ ನೋಡಿಕೊಳ್ಳಲು ಒಂದು ಗುರುತು ಇದೆ. ಆಪಲ್ ಬಟನ್ ಒತ್ತಿದ ಮೇಲೆ ಬರುವ ಪರದೆಯನ್ನು ಗಮನಿಸಿ. ಅದರಲ್ಲಿ ನಿಮ್ಮ ಹೆಸರು ತೋರಿಸಿ, ಕೆಳಗೆ `Share My Email` ಬೇಕೋ `Hide My Email` ಬೇಕೋ ಎಂದು ಕೇಳಿದರೆ, ಈ ಆಪಲ್ ಖಾತೆಯಿಂದ ಈ ಕಂಪನಿಗೆ ಹೋಗುತ್ತಿರುವುದು ಇದೇ ಮೊದಲು ಎಂದರ್ಥ. ಮುಂದೆ ಹೋದರೆ ಹೊಸ ಖಾತೆ ಹುಟ್ಟುತ್ತದೆ. ಆಯ್ಕೆಯನ್ನೇ ಕೇಳದೆ, ಆಪಲ್ ಖಾತೆಯಿಂದ ಒಳಗೆ ಹೋಗುತ್ತೀರಾ ಎಂದಷ್ಟೇ ಕೇಳಿ ಮುಂದುವರಿಯುವ ಬಟನ್ ತೋರಿಸಿದರೆ ಹಳೆಯ ನಂಟು ಇದೆ ಎಂದರ್ಥ. ಮೊದಲ ಪರದೆ ಬಂದರೆ ಮುಚ್ಚಿ ಹೊರಗೆ ಬನ್ನಿ. ಹೆಸರು, ಇಮೇಲ್ ಎರಡನ್ನೂ ಆಪಲ್ ಆ್ಯಪ್‌ಗೆ ಮೊದಲ ಸಲ ಸೇರುವಾಗ ಕೇಳಿ ಕೊಡುತ್ತದೆ, ಆಮೇಲೆ ಮತ್ತೆ ಕೇಳುವುದಿಲ್ಲ. ಅದಕ್ಕೇ ಈ ವ್ಯತ್ಯಾಸ. ತಮ್ಮನ ಫೋನಿನಲ್ಲಿ ನೀವು ಒತ್ತಿದ ದಿನ ಈ ಆಯ್ಕೆ ಖಂಡಿತ ಬಂದಿರುತ್ತದೆ, ಅವಸರದಲ್ಲಿ ದಾಟಿ ಹೋಗಿದ್ದೀರಿ.

ಇನ್ನು ಹುಡುಕುವ ಕೆಲಸ. ಹೆಚ್ಚಿನವರು ಆ್ಯಪ್ ಕಡೆಯಿಂದ ಹುಡುಕುತ್ತಾರೆ, ಅದಕ್ಕೇ ಸಿಗುವುದಿಲ್ಲ. ಆಪಲ್ ಕಡೆಯಿಂದ ಹುಡುಕಬೇಕು. ಅದಕ್ಕೆ ಮೊದಲು ನಿಮ್ಮ ಹಳೆಯ ಆಪಲ್ ಖಾತೆ ಯಾವ ಇಮೇಲ್ ಅಥವಾ ಮೊಬೈಲ್ ನಂಬರಿನ ಮೇಲಿತ್ತು ಎಂಬುದು ಗೊತ್ತಿರಬೇಕು. ನೆನಪಿಲ್ಲದಿದ್ದರೆ ನಿಮ್ಮ ಎಲ್ಲ ಜಿಮೇಲ್‌ಗಳಲ್ಲೂ ಈ ಹುಡುಕು ಪದ ಹಾಕಿ ನೋಡಿ:

```
from:no_reply@email.apple.com
```

ಆ್ಯಪ್ ಸ್ಟೋರಿನಲ್ಲಿ ನೀವು ಏನಾದರೂ ಕೊಂಡಿದ್ದರೆ, ಬರೀ ಐಕ್ಲೌಡ್ ಜಾಗಕ್ಕೆ ತಿಂಗಳ ದುಡ್ಡು ಕಟ್ಟಿದ್ದರೂ ಸರಿ, ಅದರ ರಸೀದಿ ಈ ವಿಳಾಸದಿಂದ ಬಂದಿರುತ್ತದೆ. ರಸೀದಿ ತೆರೆದರೆ ಯಾವ ಆಪಲ್ ಖಾತೆಯಿಂದ ಕೊಂಡದ್ದು ಎಂದು ಅದರಲ್ಲೇ ಬರೆದಿರುತ್ತದೆ. ಈ ರಸೀದಿಗಳನ್ನು ಅಳಿಸಬೇಡಿ, ಮುಂದೆ ಇನ್ನೊಂದು ಕೆಲಸಕ್ಕೂ ಬೇಕಾಗುತ್ತವೆ.

ಆಪಲ್ ಖಾತೆ ಸಿಕ್ಕ ಮೇಲೆ ಅದನ್ನು ನೋಡಲು ಐಫೋನ್ ಬೇಕಿಲ್ಲ. ನಿಮ್ಮ ಆಂಡ್ರಾಯ್ಡಿನ ಕ್ರೋಮಿನಲ್ಲೋ ಅಂಗಡಿಯ ಕಂಪ್ಯೂಟರಿನಲ್ಲೋ `account.apple.com` ತೆರೆಯಿರಿ. ತಮ್ಮನ ಐಫೋನಿನ ಸಫಾರಿಯಲ್ಲಿ ಮಾತ್ರ ತೆರೆಯಬೇಡಿ. ಅದು ಆ ಫೋನಿನಲ್ಲಿರುವ ಖಾತೆಯನ್ನೇ ಮುಂದೊಡ್ಡಿ ಮುಖವೋ ಬೆರಳೋ ತೋರಿಸಿ ಅನ್ನುತ್ತದೆ, ನೀವು ಗೊತ್ತಿಲ್ಲದೆ ತಮ್ಮನಾಗಿ ಒಳಗೆ ಹೋಗಿಬಿಡುತ್ತೀರಿ. ‘ಒಂದು ನಿಮಿಷ ನಿನ್ನ ಆಪಲ್ ಖಾತೆ ಸೈನ್ ಔಟ್ ಮಾಡು, ನನ್ನದು ಹಾಕಿ ನೋಡ್ತೀನಿ’ ಅಂತಲೂ ಅವನಿಗೆ ಹೇಳಬೇಡಿ. ಸೈನ್ ಔಟ್ ಮಾಡಿದರೆ ಐಕ್ಲೌಡಿನಿಂದ ಬಂದ ಅವನ ಕಾಂಟ್ಯಾಕ್ಟ್‌ಗಳು, ಕ್ಯಾಲೆಂಡರ್‌ಗಳು ಆ ಫೋನಿನಿಂದ ಹೋಗಬಹುದು. ಅಣ್ಣತಮ್ಮಂದಿರ ನಡುವೆ ಹೊಸದೊಂದು ತಕರಾರು ಯಾಕೆ?

ಆಪಲ್ ಖಾತೆಯ ಪಾಸ್‌ವರ್ಡ್ ಹಾಕಿದ ಮೇಲೆ ಆರಂಕಿಯ ಕೋಡ್ ಕೇಳುತ್ತದೆ. ಬೇರೆ ಆಪಲ್ ಸಾಧನದಲ್ಲಿ ನಿಮ್ಮ ಖಾತೆ ತೆರೆದಿಲ್ಲವಾದ್ದರಿಂದ ಕೋಡ್ ಪರದೆಯ ಮೇಲೆ ಹಾರಿ ಬರುವುದಿಲ್ಲ. ಕೋಡ್ ಬರಲಿಲ್ಲ ಎಂಬ ಕೊಂಡಿ ಒತ್ತಿ, ಎಸ್ಸೆಮ್ಮೆಸ್ ಆರಿಸಿ. ಅದು ನೀವು ಆವತ್ತು ಕೊಟ್ಟಿದ್ದ ನಂಬರಿಗೇ ಬರುತ್ತದೆ. ಆ ಸಿಮ್ ಇನ್ನೂ ನಿಮ್ಮಲ್ಲಿದ್ದರೆ ಅರ್ಧ ದಾರಿ ದಾಟಿದಿರಿ. ನಂಬರ್ ಬಿಟ್ಟುಕೊಟ್ಟಿದ್ದರೆ ಅಥವಾ ಪಾಸ್‌ವರ್ಡ್ ಮರೆತಿದ್ದರೆ `iforgot.apple.com` ಮೂಲಕ ಖಾತೆ ಮರಳಿ ಪಡೆಯಲು ಅರ್ಜಿ ಹಾಕಬೇಕು. ಅದಕ್ಕೆ ದಿನಗಟ್ಟಲೆ ಕಾಯಿಸುತ್ತಾರೆ, ಫೋನ್ ಮಾಡಿ ಅವಸರಪಡಿಸಿದರೂ ಬೇಗ ಆಗುವುದಿಲ್ಲ. ಹಾಗೇನಾದರೂ ಆದರೆ ಮುಂದೆ ಹೇಳುವ ಜಿಎಸ್‌ಟಿ ನಂಬರಿನ ದಾರಿಯನ್ನೂ ಜೊತೆಜೊತೆಗೆ ಹಿಡಿಯಿರಿ.

ಒಳಗೆ ಹೋದ ಮೇಲೆ `Sign-In and Security` ಎಂಬ ಭಾಗ, ಅದರೊಳಗೆ `Sign in with Apple`. ನೀವು ಈ ತನಕ ಆಪಲ್ ಬಟನ್ ಒತ್ತಿ ಸೇರಿದ ಎಲ್ಲ ಆ್ಯಪ್‌ಗಳ ಪಟ್ಟಿ ಅಲ್ಲಿದೆ. ಐಫೋನ್ ಇರುವವರು ಸೆಟ್ಟಿಂಗ್ಸ್ ತೆರೆದು, ಮೇಲಿರುವ ತಮ್ಮ ಹೆಸರು ಒತ್ತಿ ಇದೇ ಪಟ್ಟಿಗೆ ಹೋಗಬಹುದು. ಬಿಲ್ಲಿಂಗ್ ಆ್ಯಪ್‌ನ ಹೆಸರು ಒತ್ತಿ. ಮೇಲೆ ತೋರಿಸಿದ ಮಾದರಿಯ ವಿಳಾಸ ಕಾಣುತ್ತದೆ. ಅದನ್ನು ಅಕ್ಷರ ಬಿಡದೆ ಕಾಪಿ ಮಾಡಿ ಇಟ್ಟುಕೊಳ್ಳಿ. ನೋಡಿ ಬರೆದುಕೊಂಡರೆ ಸೊನ್ನೆಗೂ ಓಗೂ, ಒಂದಕ್ಕೂ ಎಲ್‌ಗೂ ಗೊಂದಲವಾಗುತ್ತದೆ. ಆ್ಯಪ್ ನಡುವೆ ಹೆಸರು ಬದಲಿಸಿಕೊಂಡಿರಬಹುದು, ಆದ್ದರಿಂದ ಪಟ್ಟಿಯಲ್ಲಿ ಹೆಸರು ಸಿಗಲಿಲ್ಲವೆಂದು ತಕ್ಷಣ ಹಿಂದೆ ಬರಬೇಡಿ, ಪರಿಚಯವಿಲ್ಲದ ಹೆಸರುಗಳನ್ನೂ ಒಂದೊಂದಾಗಿ ತೆರೆದು ನೋಡಿ.

ಇದೇ ಪುಟದಲ್ಲೇ ನಾನು ಮೊದಲು ಹೇಳಿದ `Stop Using` ಬಟನ್ ಇರುತ್ತದೆ. ಅದನ್ನು ಒತ್ತಿದರೆ ಆ್ಯಪ್‌ಗೂ ನಿಮಗೂ ಇರುವ ನಂಟು ಕಡಿಯುತ್ತದೆ. ಅದರ ಜೊತೆಗೆ ರಿಲೇ ವಿಳಾಸಕ್ಕೆ ಬರುವ ಮೇಲ್ ನಿಮಗೆ ತಲುಪುವ ದಾರಿಯೂ ಮುಚ್ಚುತ್ತದೆ. ಆ್ಯಪ್‌ನ ಕಡೆ ನಿಮ್ಮ ಬಿಲ್ಲುಗಳು ಹಾಗೇ ಇರುತ್ತವೆ, ಬಾಗಿಲು ಮಾತ್ರ ಮುಚ್ಚಿಕೊಳ್ಳುತ್ತದೆ. ‘ಹಳೇದು ತೆಗೆದು ಹೊಸದಾಗಿ ಹಾಕಿದರೆ ಸರಿಹೋಗುತ್ತೆ’ ಎಂದು ಮೊಬೈಲ್ ಅಂಗಡಿಯವರು ಸಲಹೆ ಕೊಡುವುದುಂಟು. ವೈಫೈಗೆ ಆ ಮದ್ದು ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ಆಪಲ್ ಖಾತೆ ತೆರೆಯುವಷ್ಟರಲ್ಲಿ ನಿಮ್ಮ ಇನ್‌ಬಾಕ್ಸಿನಲ್ಲೂ ಇದೇ ವಿಳಾಸ ಸಿಗುತ್ತದೆಯೇ ನೋಡಿ. ಎರಡು ಕಡೆ ಒಂದೇ ವಿಳಾಸ ಸಿಕ್ಕರೆ ಅನುಮಾನಕ್ಕೆ ಜಾಗವೇ ಇಲ್ಲ. ಜಿಮೇಲಿನಲ್ಲಿ ಹುಡುಕುವ ಜಾಗದಲ್ಲಿ `privaterelay.appleid.com` ಎಂದು ಹಾಕಿ. ಆ್ಯಪ್‌ನಿಂದ ಬಂದ ಹಳೆಯ ಮೇಲ್ ಒಂದನ್ನು ತೆರೆದು, ಕಳಿಸಿದವರ ಹೆಸರಿನ ಕೆಳಗಿರುವ ಸಣ್ಣ ಬಾಣ ಒತ್ತಿದರೆ ವಿವರ ಬಿಚ್ಚಿಕೊಳ್ಳುತ್ತದೆ. ಅದು ಹೆಚ್ಚುಕಡಿಮೆ ಹೀಗಿರುತ್ತದೆ:

```
From: noreply_at_example_com_k7m2qx9d4t_1a2b3c4d@privaterelay.appleid.com
To:   q7hw2m9xkd@privaterelay.appleid.com
```

ಇಲ್ಲಿ ಬಹಳ ಜನ ಎಡವುತ್ತಾರೆ. ಎರಡೂ ಸಾಲಿನ ಕೊನೆಯಲ್ಲಿ ಒಂದೇ ಬಾಲ ಇರುವುದರಿಂದ ಮೇಲಿನ ಉದ್ದದ ವಿಳಾಸವೇ ತಮ್ಮದೆಂದು ಕಾಪಿ ಮಾಡಿ ಕಸ್ಟಮರ್ ಕೇರ್‌ಗೆ ಕಳಿಸುತ್ತಾರೆ. ಅದು ನಿಮ್ಮದಲ್ಲ. ಆ್ಯಪ್‌ನವರ ವಿಳಾಸವನ್ನೇ ಆಪಲ್ ತನ್ನ ಅಚ್ಚಿಗೆ ತಿರುಗಿಸಿ ಬರೆದಿದೆ, ನಡುವೆ `_at_` ಇರುವುದೇ ಅದರ ಗುರುತು. ನಿಮ್ಮದು `To` ಸಾಲಿನಲ್ಲಿರುವ ಗಿಡ್ಡ ವಿಳಾಸ. ಅಲ್ಲಿ ವಿಳಾಸದ ಬದಲು ಬರೀ `Hide My Email` ಎಂಬ ಹೆಸರು ಕಂಡರೆ ಅದರ ಮೇಲೆ ಒತ್ತಿ, ಇಲ್ಲವೇ ಕಂಪ್ಯೂಟರಿನಲ್ಲಿ ಮೇಲ್ ತೆರೆದು ಮೂರು ಚುಕ್ಕಿಯ ಮೆನುವಿನಲ್ಲಿ `Show original` ಆರಿಸಿ. ಹುಡುಕಿದಾಗ ಸಿಕ್ಕ ಮೇಲ್‌ಗಳಲ್ಲಿ ಅತ್ಯಂತ ಹಳೆಯದರ ತಾರೀಖನ್ನೂ ಬರೆದುಕೊಳ್ಳಿ. ಅದು ಬಹುಮಟ್ಟಿಗೆ ನೀವು ಸೇರಿದ ದಿನದ ಸ್ವಾಗತದ ಮೇಲ್ ಆಗಿರುತ್ತದೆ.

ಇನ್‌ಬಾಕ್ಸಿನಲ್ಲಿ ಒಂದೂ ಸಿಗದಿದ್ದರೆ ಇನ್ನೊಂದು ಸಾಧ್ಯತೆ ಇದೆ. ರಿಲೇ ಮೇಲ್ ಎಲ್ಲಿಗೆ ಬಂದು ಬೀಳಬೇಕು ಎಂಬುದನ್ನು ಆಪಲ್ ಖಾತೆಯಲ್ಲೇ `Forward To` ಎಂಬಲ್ಲಿ ಹೇಳಿರುತ್ತದೆ. ಅಲ್ಲಿ ನೀವು ಬಿಟ್ಟು ವರ್ಷವಾದ ಹಳೆಯ ಯಾಹೂ ವಿಳಾಸವೋ ಕಾಲೇಜಿನ ಇಮೇಲೋ ಇರಬಹುದು. ಹಾಗಿದ್ದರೆ ಈಗ ಬಳಸುವ ವಿಳಾಸ ಆರಿಸಿ. ಹೊಸ ಮೇಲ್‌ಗಳು ಅಲ್ಲಿಂದ ಮುಂದೆ ಇಲ್ಲಿಗೆ ಬರುತ್ತವೆ, ಹಿಂದೆ ಹೋದವು ಹಿಂದೆಯೇ.

ಒಂದು ಸಣ್ಣ ಮಾತು, ಇದನ್ನು ಓದುತ್ತಿರುವ ಬೇರೆಯವರಿಗೆ. ನಿಮಗೆ ಸಿಕ್ಕ ವಿಳಾಸ `@icloud.com` ಎಂದು ಮುಗಿದು, ಮುಂದೆ ಸಂಬಂಧವಿಲ್ಲದ ಎರಡು ಇಂಗ್ಲಿಷ್ ಪದಗಳಿದ್ದರೆ ಅದು ದುಡ್ಡು ಕೊಟ್ಟ ಐಕ್ಲೌಡ್ ಪ್ಲಸ್‌ನ ವಿಳಾಸ, 2021ರಲ್ಲಿ ಬಂದದ್ದು. `@duck.com`, `@mozmail.com` ಎಂದಿದ್ದರೆ ಅವು ಡಕ್‌ಡಕ್‌ಗೋ, ಫೈರ್‌ಫಾಕ್ಸ್‌ನವರ ರಿಲೇ. ಇವುಗಳಲ್ಲಿ ಸೇರುವಾಗ ಪಾಸ್‌ವರ್ಡ್ ಬೇರೆ ಇಟ್ಟಿರುತ್ತೀರಿ, ಹಾಗಾಗಿ ವಿಳಾಸ ಸಿಕ್ಕರೆ ಲಾಗಿನ್ ಪುಟದಲ್ಲಿ ಅದನ್ನೇ ಹಾಕಿ ಪಾಸ್‌ವರ್ಡ್ ಬದಲಿಸಿಕೊಂಡರೆ ಮುಗಿಯಿತು. ಆಪಲ್ ಬಟನ್ನಿನ ಖಾತೆಗೆ ಆ್ಯಪ್‌ನ ಪಾಸ್‌ವರ್ಡ್ ಎಂಬುದೇ ಇರುವುದಿಲ್ಲ. ಅದಕ್ಕೇ ಅದರ ಗೋಳು ಜಾಸ್ತಿ.

ಈಗ ಒಳಗೆ ಹೋಗುವ ಬಗೆ. ನಿಮ್ಮ ಆಂಡ್ರಾಯ್ಡ್ ಆ್ಯಪ್‌ನ ಲಾಗಿನ್ ಪರದೆಯಲ್ಲಿ ಆಪಲ್ ಬಟನ್ ಇದೆಯೇ ನೋಡಿ. ಇದ್ದರೆ ಒತ್ತಿ, ಆಪಲ್‌ನ ವೆಬ್ ಪುಟ ತೆರೆದುಕೊಳ್ಳುತ್ತದೆ, ಅಲ್ಲಿ ನಿಮ್ಮ ಆಪಲ್ ಖಾತೆ, ಪಾಸ್‌ವರ್ಡ್, ಎಸ್ಸೆಮ್ಮೆಸ್ ಕೋಡ್ ಹಾಕಿದರೆ ಸಾಕು. ಹೆಸರು, ಇಮೇಲ್ ಆಯ್ಕೆ ಕೇಳದೆ ನೇರ ಒಳಗೆ ಬಿಟ್ಟರೆ ಹಳೆಯ ಬಿಲ್ಲುಗಳು ಕಣ್ಣೆದುರು ಬರುತ್ತವೆ. ಬಹಳಷ್ಟು ಕಂಪನಿಗಳು ಆಂಡ್ರಾಯ್ಡಿನಲ್ಲಿ ಈ ಬಟನ್ ಇಟ್ಟಿರುವುದಿಲ್ಲ. ಆಗ ಅವರ ವೆಬ್‌ಸೈಟಿನ ಲಾಗಿನ್ ಪುಟ ನೋಡಿ, ಅಲ್ಲಿ ಇರುವ ಸಾಧ್ಯತೆ ಹೆಚ್ಚು.

ಎಲ್ಲೂ ಇಲ್ಲದಿದ್ದರೆ ಇನ್ನೊಂದು ಉಪಾಯ. ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಮರೆತಿದ್ದೇನೆ ಎಂಬುದನ್ನು ಒತ್ತಿ, ಜಿಮೇಲ್ ಬದಲು ಆ ಗಿಡ್ಡ ರಿಲೇ ವಿಳಾಸ ಅಂಟಿಸಿ. ಕಂಪನಿ ಒಪ್ಪಿದರೆ ಪಾಸ್‌ವರ್ಡ್ ಬದಲಿಸುವ ಮೇಲ್ ಆ ವಿಳಾಸಕ್ಕೆ ಹೋಗಿ, ಆಪಲ್ ಮೂಲಕ ಹಾದು, ನಿಮ್ಮ ಜಿಮೇಲಿಗೇ ಬರುತ್ತದೆ. ಅದರಲ್ಲಿ ಹೊಸ ಪಾಸ್‌ವರ್ಡ್ ಇಟ್ಟುಕೊಂಡು, ರಿಲೇ ವಿಳಾಸವನ್ನೇ ಯೂಸರ್ ಹೆಸರಾಗಿ ಹಾಕಿ ಒಳಗೆ ಹೋಗಬಹುದು. ಇಂಥ ಖಾತೆ ಇಲ್ಲ ಎಂದು ಉತ್ತರ ಬಂದರೆ ಎರಡು ಕಾರಣ ಇರಬಹುದು. ಆಪಲ್ ಬಟನ್ನಿನಿಂದ ಸೇರಿದವರಿಗೆ ಆ ಕಂಪನಿ ಪಾಸ್‌ವರ್ಡ್ ದಾರಿಯನ್ನೇ ಇಟ್ಟಿಲ್ಲ. ಅಥವಾ ನಡುವೆ ಆ್ಯಪ್ ಇನ್ನೊಂದು ಕಂಪನಿಗೆ ಮಾರಾಟವಾಗಿದೆ. ರಿಲೇ ವಿಳಾಸ ಕಂಪನಿಗೆ ಕಟ್ಟಿದ್ದೆಂದು ಹೇಳಿದೆನಲ್ಲ, ಕಂಪನಿ ಬದಲಾದರೆ ನಿಮ್ಮ ಗುರುತೂ ವಿಳಾಸವೂ ಬದಲಾಗುತ್ತವೆ. ಹಳೆಯ ಗುರುತನ್ನು ಹೊಸದಕ್ಕೆ ಜೋಡಿಸಿಕೊಳ್ಳಲು ಆಪಲ್ ಅವರಿಗೆ 60 ದಿನ ಕೊಡುತ್ತದೆ. ಅದನ್ನು ಅವರು ಸರಿಯಾಗಿ ಮಾಡದಿದ್ದರೆ ಗಿರಾಕಿಗಳ ಕೈಗೆ ಖಾಲಿ ಖಾತೆ ಬರುತ್ತದೆ. ಹಳೆಯ ಮೇಲ್‌ಗಳಲ್ಲಿ `To` ಸಾಲಿನ ವಿಳಾಸ ಒಂದು, ಈಗ ಆಪಲ್ ಪಟ್ಟಿಯಲ್ಲಿ ಕಾಣುವುದು ಇನ್ನೊಂದು ಆಗಿದ್ದರೆ ಇದೇ ಆಗಿದೆ ಎಂದು ಅನುಮಾನಿಸಿ, ಎರಡೂ ವಿಳಾಸ ಅವರಿಗೆ ಕಳಿಸಿ.

ಕಸ್ಟಮರ್ ಕೇರ್‌ಗೆ ಬರೆಯುವುದರಲ್ಲೂ ಒಂದು ಕ್ರಮ ಇದೆ. ನಿಮ್ಮ ಜಿಮೇಲಿನಿಂದ ಹೊಸ ಮೇಲ್ ಬರೆದರೆ ಅದು ಜಿಮೇಲ್ ವಿಳಾಸದಿಂದಲೇ ಹೋಗುತ್ತದೆ, ಅವರ ಕಂಪ್ಯೂಟರ್ ಅದನ್ನು ಖಾಲಿ ಖಾತೆಗೆ ಜೋಡಿಸುತ್ತದೆ. ಅದರ ಬದಲು, ರಿಲೇ ಮೂಲಕ ಅವರಿಂದ ಬಂದಿದ್ದ ಹಳೆಯ ಮೇಲ್ ಒಂದಕ್ಕೆ ‘ರಿಪ್ಲೈ’ ಕೊಡಿ. ಆ ಉತ್ತರ ಮತ್ತೆ ಆಪಲ್ ಮೂಲಕವೇ ಹಾದು ಅವರಿಗೆ ನಿಮ್ಮ ರಿಲೇ ವಿಳಾಸದಿಂದ ಬಂದಂತೆ ತಲುಪುತ್ತದೆ. ಖಾತೆ ನನ್ನದೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಎರಡು ಎಚ್ಚರಿಕೆ: ಮೇಲ್ ಬಂದು ಬಿದ್ದ ಜಿಮೇಲಿನಿಂದಲೇ ಉತ್ತರಿಸಿ, ಹಾಗೂ `noreply` ಎಂದಿರುವ ಮೇಲ್‌ಗೆ ಉತ್ತರಿಸಿ ಕಾಯಬೇಡಿ, ಅದನ್ನು ಅಲ್ಲಿ ಯಾರೂ ಓದುವುದಿಲ್ಲ. ಅವರ ಸಹಾಯ ವಿಭಾಗದಿಂದಲೋ ಲೆಕ್ಕ ವಿಭಾಗದಿಂದಲೋ ಬಂದ ಮೇಲ್ ಆರಿಸಿಕೊಳ್ಳಿ.

ಅವರು ‘ನಿಮ್ಮ ರಿಜಿಸ್ಟರ್ಡ್ ಇಮೇಲಿಗೆ ಕೋಡ್ ಕಳಿಸಿದ್ದೇವೆ’ ಅಂದರೂ ನಿಮಗೆ ಬಾರದಿರಬಹುದು. ಆಪಲ್ ರಿಲೇ ಯಾರ ಮೇಲನ್ನೂ ಸುಮ್ಮನೆ ಸಾಗಿಸುವುದಿಲ್ಲ. ಕಂಪನಿ ತಾನು ಯಾವ ಯಾವ ಡೊಮೇನಿನಿಂದ, ವಿಳಾಸದಿಂದ ಮೇಲ್ ಕಳಿಸುತ್ತೇನೆ ಎಂದು ಆಪಲ್ ಬಳಿ ಮೊದಲೇ ನೋಂದಾಯಿಸಿರಬೇಕು. ಓಟಿಪಿ ಕಳಿಸುವ ಡೊಮೇನ್ ನೋಂದಾಯಿಸಿ, ದೂರು ನೋಡಿಕೊಳ್ಳುವ ಹೊರಗಿನ ಏಜೆನ್ಸಿಯ ಡೊಮೇನ್ ಮರೆತಿರುವುದು ಮಾಮೂಲಿ. ಆಗ ಅವರ ಮೇಲ್ ನಿಮ್ಮ ಸ್ಪ್ಯಾಮ್‌ಗೂ ಬಾರದೆ ನಡುದಾರಿಯಲ್ಲೇ ವಾಪಸಾಗುತ್ತದೆ. ನೀವು ಹೇಳಬೇಕಾದ್ದು ಇಷ್ಟು: ‘ಮೊದಲು ನನಗೆ ಮೇಲ್ ಬರುತ್ತಿದ್ದ ವಿಳಾಸದಿಂದಲೇ ಕಳಿಸಿ, ಇಲ್ಲವೇ ಫೋನಿನಲ್ಲಿ ಮಾತಾಡಿ.’

ರಿಲೇ ವಿಳಾಸವೇ ಸಿಗದಿದ್ದರೆ, ಆಪಲ್ ಖಾತೆ ತೆರೆಯಲು ದಿನಗಟ್ಟಲೆ ಕಾಯಬೇಕಾದರೆ, ನಿಮ್ಮ ವ್ಯಾಪಾರದ ಗುರುತೇ ನೆರವಿಗೆ ಬರುತ್ತದೆ. ಬಿಲ್ಲಿಂಗ್ ಆ್ಯಪ್ ಎಂಬುದು ಇಲ್ಲಿ ಅದೃಷ್ಟವೇ. ಆಟದ ಆ್ಯಪ್ ಆಗಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಗಿರಾಕಿಗಳಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದ ಹಳೆಯ ಪಿಡಿಎಫ್ ಬಿಲ್ ಹುಡುಕಿ ತೆಗೆಯಿರಿ. ಅದರಲ್ಲಿ ನಿಮ್ಮ 15 ಅಕ್ಷರದ ಜಿಎಸ್‌ಟಿ ನಂಬರ್ ಇದೆ, ಕರ್ನಾಟಕದ್ದಾದ್ದರಿಂದ 29ರಿಂದ ಶುರುವಾಗುತ್ತದೆ. ಹಳೆಯ ಖಾತೆಯಲ್ಲಿ ಆ ನಂಬರ್ ತುಂಬಿರುತ್ತೀರಿ, ಖಾಲಿ ಖಾತೆಗಳಲ್ಲಿ ಅದು ಇರುವುದಿಲ್ಲ. ‘ಇಮೇಲ್ ಬಿಟ್ಟು ಜಿಎಸ್‌ಟಿ ನಂಬರಿನಿಂದ ಹುಡುಕಿ’ ಎಂದು ನೇರವಾಗಿ ಕೇಳಿ. ಜೊತೆಗೆ ಕೊನೆಯ ಬಿಲ್ಲಿನ ನಂಬರು, ತಾರೀಖು, ಮೊತ್ತ ಕೊಡಿ. ಜಿಎಸ್‌ಟಿ ನಂಬರ್ ಯಾರ ಬಿಲ್ಲಿನ ಮೇಲಾದರೂ ಕಾಣುವಂಥದ್ದು, ಅದೊಂದನ್ನೇ ನೋಡಿ ಖಾತೆ ಬಿಟ್ಟುಕೊಡಬಾರದು, ಕೊಡುವುದೂ ಇಲ್ಲ. ನೋಂದಣಿ ಪತ್ರದ ಪ್ರತಿ ಕೇಳಿದರೆ ಸಿಟ್ಟಾಗಬೇಡಿ.

ಆ್ಯಪ್‌ಗೆ ವರ್ಷದ ಚಂದಾ ಆಪಲ್ ಮೂಲಕ ಕಟ್ಟಿದ್ದರೆ ಮೊದಲು ಹೇಳಿದ ರಸೀದಿ ಈಗ ಕೆಲಸಕ್ಕೆ ಬರುತ್ತದೆ. ಅದರಲ್ಲಿರುವ `Order ID` ಎಂಬ ಸಂಖ್ಯೆಯನ್ನು ಆ್ಯಪ್‌ನವರು ಆಪಲ್ ಬಳಿ ಪರಿಶೀಲಿಸಿ, ಆ ಖರೀದಿಯ ವಿವರ ನೋಡಬಹುದು, ಅದಕ್ಕೆ ಅವರಿಗೆ ವ್ಯವಸ್ಥೆ ಇದೆ. ಆದರೆ ಒಂದು ತೊಡಕು ಇಲ್ಲಿದೆ. ಐಫೋನಿನಲ್ಲಿ ಆ್ಯಪ್‌ಗೆ ಸೇರುವುದು ಫೋನಿನ ಮುಖ್ಯ ಆಪಲ್ ಖಾತೆಯಿಂದ, ದುಡ್ಡು ಕಟ್ಟುವುದು `Media & Purchases` ಎಂಬಲ್ಲಿರುವ ಖಾತೆಯಿಂದ. ಇವೆರಡೂ ಬೇರೆಯಾಗಿರಬಹುದು. ಮನೆಯಲ್ಲಿ ಒಬ್ಬರ ಕಾರ್ಡಿನಿಂದ ಎಲ್ಲರೂ ಕೊಳ್ಳುವಲ್ಲಿ ಹೀಗಾಗುವುದು ಸಹಜ. ಆದ್ದರಿಂದ ರಸೀದಿ ತಮ್ಮನ ಹೆಸರಿನಲ್ಲಿ ಸಿಕ್ಕಿತೆಂದು ಬಿಲ್ಲಿನ ಖಾತೆಯೂ ಅವನದೆಂದು ತೀರ್ಮಾನಿಸಬೇಡಿ. ಖಾಲಿ ಖಾತೆಯಲ್ಲಿದ್ದಾಗ `Restore Purchases` ಒತ್ತುವುದೂ ಬೇಡ. ಕೆಲವು ಆ್ಯಪ್‌ಗಳಲ್ಲಿ ಚಂದಾ ಆ ಖಾಲಿ ಖಾತೆಗೇ ಅಂಟಿಕೊಂಡು ಬಿಡುತ್ತದೆ, ಆಮೇಲೆ ಬಿಡಿಸುವುದು ಇನ್ನೊಂದು ತಲೆನೋವು.

ಇನ್ನು ಹುಡುಕುವ ತನಕ ವ್ಯಾಪಾರ ನಿಲ್ಲಿಸಲಾಗುವುದಿಲ್ಲವಲ್ಲ. ಖಾಲಿ ಖಾತೆ ಬಿಲ್ ನಂಬರನ್ನು 1ರಿಂದ ಶುರು ಮಾಡುತ್ತದೆ. ಹಳೆಯ ಖಾತೆಯಲ್ಲಿ ಏಪ್ರಿಲಿನಿಂದ ಈಗಾಗಲೇ 1, 2, 3 ಹೋಗಿರುತ್ತವೆ. ಜಿಎಸ್‌ಟಿ ನಿಯಮದ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಒಂದೇ ನಂಬರಿನ ಎರಡು ಬಿಲ್ ಇರುವಂತಿಲ್ಲ, ರಿಟರ್ನ್ ತುಂಬುವಾಗ ತೊಡಕಾಗುತ್ತದೆ. ಆದರೆ ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಒಟ್ಟು 16 ಅಕ್ಷರ ಮೀರಬಾರದು ಅಷ್ಟೆ. ಹಾಗಾಗಿ ತುರ್ತಿಗೆ ಬಿಲ್ ಹಾಕಲೇಬೇಕಾದರೆ ಮುಂದೆ ಬೇರೆ ಗುರುತು ಸೇರಿಸಿ, ಉದಾಹರಣೆಗೆ `T/001`, ಮತ್ತು ನಿಮ್ಮ ಲೆಕ್ಕ ನೋಡುವವರಿಗೆ ಅವತ್ತೇ ತಿಳಿಸಿ.

ಹಳೆಯ ಖಾತೆ ಕೈಗೆ ಬಂದ ಕೂಡಲೇ ಬಿಲ್ಲುಗಳನ್ನು ಎಕ್ಸೆಲ್‌ಗೋ ಪಿಡಿಎಫ್‌ಗೋ ಇಳಿಸಿಕೊಳ್ಳಿ. ಆಮೇಲೆ ಪ್ರೊಫೈಲಿನಲ್ಲಿ ಮೊಬೈಲ್ ನಂಬರು ಸೇರಿಸಿ, ಇಮೇಲನ್ನು ಜಿಮೇಲಿಗೆ ಬದಲಿಸಿ. ಈ ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂದು ಅದು ತಕರಾರು ತೆಗೆಯುತ್ತದೆ. ನೀವು ತೆರೆದ ಖಾಲಿ ಖಾತೆ ಆ ಜಿಮೇಲನ್ನು ಹಿಡಿದು ಕೂತಿದೆ. ಆ ಖಾಲಿ ಖಾತೆಯನ್ನು ಅವಸರದಲ್ಲಿ ಅಳಿಸುವುದಕ್ಕಿಂತ ಅದರ ಇಮೇಲನ್ನೇ ಬದಲಿಸಿ ಜಾಗ ಬಿಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಳಿಸಿದ ಖಾತೆಯ ವಿಳಾಸವನ್ನು ಕೆಲವು ಕಂಪನಿಗಳು ಸ್ವಲ್ಪ ಕಾಲ ಬಿಟ್ಟುಕೊಡುವುದಿಲ್ಲ. ಅದಕ್ಕೆ ಹೊಸ ಜಿಮೇಲ್ ಬೇಕಿಲ್ಲ. ನಿಮ್ಮ ವಿಳಾಸದಲ್ಲೇ `@` ಗುರುತಿಗೆ ಮೊದಲು `+khali` ಎಂದು ಸೇರಿಸಿ ಕೊಡಿ. ಪ್ಲಸ್‌ನಿಂದ `@` ತನಕ ಇರುವುದನ್ನು ಜಿಮೇಲ್ ಲೆಕ್ಕಕ್ಕೆ ತೆಗೆದುಕೊಳ್ಳದೆ ನಿಮ್ಮ ಇನ್‌ಬಾಕ್ಸಿಗೇ ತಲುಪಿಸುತ್ತದೆ, ಆ್ಯಪ್‌ಗೆ ಮಾತ್ರ ಅದು ಬೇರೆ ವಿಳಾಸದಂತೆ ಕಾಣುತ್ತದೆ.

ಇಷ್ಟಾದ ಮೇಲೆ ಲಾಗ್ ಔಟ್ ಮಾಡಿ, ಈ ಸಲ ಜಿಮೇಲಿನಿಂದಲೋ ಮೊಬೈಲ್ ಓಟಿಪಿಯಿಂದಲೋ ಒಳಗೆ ಹೋಗಿ ನೋಡಿ. ಬಿಲ್ಲುಗಳು ಕಂಡರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ. ಆಮೇಲೆ ತಮ್ಮನ ಫೋನಿನಲ್ಲಿ ಹುಟ್ಟಿದ ಖಾಲಿ ಖಾತೆಯನ್ನು ಆ್ಯಪ್‌ನ ಒಳಗಿಂದಲೇ ಅಳಿಸಲು ಅವನಿಗೆ ಹೇಳಿ. ನಿಮ್ಮ ಆಪಲ್ ಖಾತೆಯನ್ನು ಮಾತ್ರ ಆಂಡ್ರಾಯ್ಡಿಗೆ ಬಂದೆನೆಂದು ಮುಚ್ಚಬೇಡಿ, ಅದರ ಕೋಡ್ ಬರುವ ಸಿಮ್ಮನ್ನೂ ಬಿಡಬೇಡಿ. ಆ `Sign in with Apple` ಪಟ್ಟಿಯಲ್ಲಿ ಇನ್ನೂ ಏಳೆಂಟು ಆ್ಯಪ್‌ಗಳ ಹೆಸರು ನೀವೇ ನೋಡಿರುತ್ತೀರಿ, ಅವುಗಳ ಬೀಗದ ಕೈಯೂ ಅದೇ.